ಚೀಲ ಸೋರಿದರೆ ತಪ್ಪು ಹೊಟ್ಟೆಯದಲ್ಲ, ಅಳತೆಯದು

ನಮ್ಮ ದೊಡ್ಡಪ್ಪನಿಗೆ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿ ಗಡ್ಡೆ ತೆಗೆದರು. ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಕ್ಕೆ ತಂದು ಹೊಲಿದರು. ಇದಕ್ಕೆ ಕೊಲೊಸ್ಟಮಿ ಅನ್ನುತ್ತಾರೆ. ಹೊರಗೆ ಕಾಣುವ ಕೆಂಪು ಬಾಯಿಯೇ ಸ್ಟೋಮಾ. ಮಲ ಅಲ್ಲಿಂದ ಬರುತ್ತದೆ, ಅದನ್ನು ಹಿಡಿಯಲು ಮೇಲೊಂದು ಚೀಲ ಅಂಟಿಸಿರುತ್ತಾರೆ.

ಮನೆಗೆ ಬಂದ ಒಂದು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಚೀಲ ಸೋರಲು ಶುರುವಾಯಿತು. ನಾಲ್ಕು ದಿನ ಬರುತ್ತಿದ್ದ ಚೀಲ ಒಂದೇ ದಿನಕ್ಕೆ ಕಿತ್ತು ಬರುತ್ತಿತ್ತು. ಸುತ್ತಲಿನ ಚರ್ಮ ಸುಟ್ಟ ಹಾಗೆ ಕೆಂಪಾಗಿ ಉರಿಯುತ್ತಿತ್ತು. ದೊಡ್ಡಪ್ಪ ಊಟ ಬಿಟ್ಟರು. ದೊಡ್ಡಮ್ಮ ಗದರಿದರೆ, "ಉಂಡ್ರೆ ತಾನೆ ಬರೋದು? ಉಣ್ಣದೇ ಇದ್ರೆ ಆಯ್ತಲ್ಲ" ಅನ್ನುತ್ತಿದ್ದರು. ಮದುವೆ ಮನೆಗೆ ಹೋಗುವುದಿರಲಿ, ಜಗಲಿ ಮೇಲೆ ಕೂರುವುದನ್ನೂ ನಿಲ್ಲಿಸಿದರು.

ಎಲ್ಲರೂ ಹೊಟ್ಟೆ ಕೆಟ್ಟಿದೆ ಅಂದುಕೊಂಡೆವು. ಕೆಟ್ಟಿದ್ದು ಹೊಟ್ಟೆಯಲ್ಲ, ನಾವು ಕತ್ತರಿಸುತ್ತಿದ್ದ ತೂತಿನ ಅಳತೆ.

ಚೀಲದ ಹಿಂದೆ ಚರ್ಮಕ್ಕೆ ಅಂಟುವ ಒಂದು ಪ್ಲೇಟ್ ಇರುತ್ತದೆ. ಅದರ ನಡುವೆ ಸ್ಟೋಮಾ ಹೊರಬರುವಷ್ಟು ತೂತನ್ನು ನಾವೇ ಕತ್ತರಿಯಿಂದ ಕತ್ತರಿಸಬೇಕು. ಆ ತೂತು ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು. ಆಸ್ಪತ್ರೆಯಲ್ಲಿ ದೊಡ್ಡಪ್ಪನ ಸ್ಟೋಮಾ 42 ಮಿಲಿಮೀಟರ್ ಅಗಲ ಇತ್ತು. ನರ್ಸ್ 45ಕ್ಕೆ ಕತ್ತರಿಸಿ ತೋರಿಸಿದರು. ನಾವು ಆ ಕಾಗದವನ್ನೇ ಅಚ್ಚಿಟ್ಟುಕೊಂಡು ಪ್ರತಿ ಸಲ 45ಕ್ಕೇ ಕತ್ತರಿಸಿದೆವು.

ಆದರೆ ಆಪರೇಷನ್ ಆದ ಹೊಸತರಲ್ಲಿ ಸ್ಟೋಮಾ ಊದಿಕೊಂಡಿರುತ್ತದೆ. ಮುಂದಿನ ಆರರಿಂದ ಎಂಟು ವಾರಗಳಲ್ಲಿ ಅದು ನಿಧಾನಕ್ಕೆ ಚಿಕ್ಕದಾಗುತ್ತದೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಆರನೇ ವಾರ ಅಳೆದಾಗ ಅದು 32ಕ್ಕೆ ಇಳಿದಿತ್ತು. ತೂತು ಮಾತ್ರ 45 ಆಗೇ ಇತ್ತು. ಅಂದರೆ ಸ್ಟೋಮಾದ ಸುತ್ತ ಆರು ಮಿಲಿಮೀಟರಿಗಿಂತ ಹೆಚ್ಚು ಚರ್ಮ ಬರಿದಾಗಿ ಉಳಿಯುತ್ತಿತ್ತು. ಮಲ ಆ ಚರ್ಮದ ಮೇಲೆ ನಿಂತು ಸುಡುತ್ತಿತ್ತು. ಸುಟ್ಟ ಚರ್ಮ ಒಸರುತ್ತದೆ, ಒಸರುವ ಚರ್ಮಕ್ಕೆ ಅಂಟು ಹಿಡಿಯುವುದಿಲ್ಲ, ಅಂಟು ಹಿಡಿಯದಿದ್ದರೆ ಮತ್ತೆ ಸೋರುತ್ತದೆ. ಅಳೆದು 35ಕ್ಕೆ ಕತ್ತರಿಸಿದ ಮೇಲೆ ಒಂದು ವಾರದಲ್ಲಿ ಉರಿ ಇಳಿಯಿತು. ಚೀಲ ಮತ್ತೆ ನಾಲ್ಕು ದಿನ ನಿಂತಿತು.

ಹಾಗಾಗಿ ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಅಳೆಯಿರಿ. ಚೀಲದ ಡಬ್ಬದಲ್ಲಿ ತೂತುಗಳಿರುವ ಅಳತೆ ಕಾರ್ಡ್ ಬರುತ್ತದೆ. ಇಲ್ಲದಿದ್ದರೆ ದಪ್ಪ ಕಾಗದದಲ್ಲಿ ತೂತು ಮಾಡಿ ಸ್ಟೋಮಾದ ಮೇಲೆ ಹಿಡಿದು ನೋಡಿ. ಸುತ್ತ ಕೂದಲೆಳೆಯಷ್ಟು ಮಾತ್ರ ಜಾಗ ಕಾಣಬೇಕು. ತೂತು ತೀರಾ ಬಿಗಿಯಾದರೂ ಸ್ಟೋಮಾಕ್ಕೆ ಉಜ್ಜಿ ಗಾಯವಾಗುತ್ತದೆ.

ಚೀಲ ಬದಲಿಸಲು ಬೆಳಿಗ್ಗೆ ತಿಂಡಿಗೆ ಮುಂಚಿನ ಹೊತ್ತು ಒಳ್ಳೆಯದು, ಆಗ ಮಲ ಕಡಿಮೆ ಬರುತ್ತದೆ. ಒಂದು ಕೈಯಲ್ಲಿ ಚರ್ಮವನ್ನು ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಪ್ಲೇಟನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಬಿಡಿಸಿ. ಬರೀ ಉಗುರುಬೆಚ್ಚನೆ ನೀರಿನಲ್ಲಿ ಮೆತ್ತನೆ ಬಟ್ಟೆಯಿಂದ ತೊಳೆದು ಪೂರ್ತಿ ಒಣಗಿಸಿ. ಒರೆಸುವಾಗ ಸ್ಟೋಮಾದಿಂದ ಒಂದೆರಡು ಹನಿ ರಕ್ತ ಬಂದರೆ ಹೆದರಬೇಡಿ. ಚರ್ಮ ಉರಿಯುತ್ತದೆ ಎಂದು ಕೊಬ್ಬರಿ ಎಣ್ಣೆ ಹಚ್ಚುವುದನ್ನು ಮಾತ್ರ ಮಾಡಬೇಡಿ. ನಾವು ಅದನ್ನೂ ಮಾಡಿದ್ದೆವು. ಎಣ್ಣೆ ಇದ್ದ ಕಡೆ ಅಂಟು ನಿಲ್ಲುವುದಿಲ್ಲ. ಚರ್ಮ ಒಸರುತ್ತಿದ್ದರೆ ಸ್ಟೋಮಾ ಪೌಡರ್ ತೆಳುವಾಗಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಆಮೇಲೆ ಪ್ಲೇಟ್ ಅಂಟಿಸಿ. ಅಂಟಿಸಿದ ಮೇಲೆ ಒಂದೆರಡು ನಿಮಿಷ ಅಂಗೈ ಇಟ್ಟುಕೊಳ್ಳಿ, ಮೈ ಬಿಸಿಗೆ ಅಂಟು ಚೆನ್ನಾಗಿ ಕೂರುತ್ತದೆ. ಚೀಲ ಮೂರನೇ ಒಂದು ಭಾಗ ತುಂಬಿದ ಕೂಡಲೇ ಖಾಲಿ ಮಾಡಿ. ತುಂಬಿದ ಚೀಲದ ಭಾರವೇ ಪ್ಲೇಟನ್ನು ಕೀಳುತ್ತದೆ.

ಇನ್ನು ಊಟದ ಮಾತು. ಉಪವಾಸ ಇದ್ದರೆ ಚೀಲ ಖಾಲಿ ಇರುತ್ತದೆ ಅನ್ನುವುದು ಸುಳ್ಳು. ಉಣ್ಣದಿದ್ದರೂ ಕರುಳು ಗಾಳಿಯನ್ನೂ ಲೋಳೆಯನ್ನೂ ಹೊರಹಾಕುತ್ತದೆ, ಆಳು ಮಾತ್ರ ಸೊರಗುತ್ತಾನೆ. ಮುಂದೆ ಕಿಮೋ ಇದ್ದರೆ ಅದನ್ನು ತಡೆಯುವ ಶಕ್ತಿಯೂ ಇರುವುದಿಲ್ಲ. ಮೊದಲ ಕೆಲವು ವಾರ ಮೆತ್ತಗಿನ ಅನ್ನ, ಮೊಸರು, ಬೇಳೆಕಟ್ಟು, ಬಾಳೆಹಣ್ಣು ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಉಣ್ಣಲಿ. ಆಮೇಲೆ ಮುದ್ದೆ, ಸೊಪ್ಪು, ಕಾಳುಗಳನ್ನು ಒಂದೊಂದಾಗಿ ಸೇರಿಸಿ. ಒಂದು ಪದಾರ್ಥ ಕೊಟ್ಟು ಎರಡು ದಿನ ನೋಡಿದರೆ ಯಾವುದು ಒಗ್ಗುತ್ತದೆ ಎಂದು ತಿಳಿಯುತ್ತದೆ. ದೊಡ್ಡಪ್ಪನಿಗೆ ಅವರೆಕಾಳು ಮತ್ತು ಎಲೆಕೋಸಿನಿಂದ ಚೀಲ ಬಲೂನಿನಂತೆ ಊದಿತು. ಹುರುಳಿ ಸಾರು ಏನೂ ಮಾಡಲಿಲ್ಲ. ಮಜ್ಜಿಗೆ ಕುಡಿದ ದಿನ ವಾಸನೆ ಕಡಿಮೆ ಅನ್ನುತ್ತಾರೆ. ಮಲ ಗಟ್ಟಿಯಾದರೆ ನೀರು ಹೆಚ್ಚಿಸಬೇಕು.

ಮನೆಯಲ್ಲಿ ಕಾಯಬಾರದ ಸಂಗತಿಗಳೂ ಇವೆ. ಸ್ಟೋಮಾ ಬಾಯಿಯ ಒಳಗೆನ್ನೆಯ ಹಾಗೆ ಕೆಂಪಗೆ, ಒದ್ದೆಯಾಗಿ ಇರಬೇಕು. ಅದು ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ ರಕ್ತ ಓಡುತ್ತಿಲ್ಲ ಎಂದು ಅರ್ಥ. ಚೀಲಕ್ಕೆ ಮಲವೂ ಗಾಳಿಯೂ ಬರದೆ ಹೊಟ್ಟೆ ಉಬ್ಬಿ, ನೋವು, ವಾಂತಿ ಆದರೆ ಕರುಳು ಕಟ್ಟಿರಬಹುದು. ರಕ್ತ ನಿಲ್ಲದೆ ಸುರಿಯುವುದೂ ಹಾಗೆಯೇ. ಈ ಮೂರರಲ್ಲಿ ಯಾವುದಾದರೂ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಸ್ಟೋಮಾದ ಪಕ್ಕ ಮೆಲ್ಲಗೆ ಉಬ್ಬು ಬಂದರೆ ಅದು ಹರ್ನಿಯಾ ಇರಬಹುದು, ಡಾಕ್ಟರಿಗೆ ತೋರಿಸಿ. ಗೊಬ್ಬರದ ಮೂಟೆ, ನೀರಿನ ಕೊಡ ಎತ್ತುವ ಕೆಲಸಕ್ಕೆ ಡಾಕ್ಟರನ್ನು ಕೇಳದೆ ಮರಳಬೇಡಿ.

ನನ್ನ ವಾದ ಇಷ್ಟೇ. ಮನೆಗೆ ಕಳಿಸುವ ಮುಂಚೆ ಮನೆಯವರೊಬ್ಬರ ಕೈಯಲ್ಲೇ ಎರಡು ಸಲ ಚೀಲ ಬದಲಿಸಿಸಬೇಕು. ನರ್ಸ್ ಮಾಡಿದ್ದನ್ನು ನೋಡಿದರೆ ಸಾಲದು. ಆರನೇ ವಾರಕ್ಕೆ ಮರು ಅಳತೆಗೆ ಬನ್ನಿ ಎಂದು ಚೀಟಿಯಲ್ಲಿ ಬರೆದು ಕೊಡಬೇಕು. ಆಪರೇಷನ್‌ಗೆ ಮುಂಚೆ ಪೆನ್ನಿನಲ್ಲಿ ಸ್ಟೋಮಾದ ಜಾಗ ಗುರುತು ಮಾಡುವಾಗ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಬೇಕು. ಪಂಚೆ ಎಲ್ಲಿ ಕಟ್ಟುತ್ತೀರಿ, ಸೀರೆ ನೆರಿಗೆ ಎಲ್ಲಿ ಸಿಗಿಸುತ್ತೀರಿ ಎಂದು ಕೇಳಬೇಕು. ದೊಡ್ಡಪ್ಪನ ಸ್ಟೋಮಾ ಸರಿಯಾಗಿ ಪಂಚೆ ಗಂಟಿನ ಕೆಳಗೇ ಬಂದಿದೆ, ಈಗ ಅವರು ಪಂಚೆಯನ್ನು ಅದರ ಮೇಲಕ್ಕೆ ಎತ್ತಿ ಕಟ್ಟುತ್ತಾರೆ. ಇದಕ್ಕೆಲ್ಲ ಹೊಸ ಯಂತ್ರ ಬೇಡ, ಅರ್ಧ ಗಂಟೆ ಸಮಯ ಸಾಕು. ಆ ಅರ್ಧ ಗಂಟೆ ಯಾರೂ ಕೊಡದ್ದಕ್ಕೆ ನಮ್ಮ ಮನೆಯಲ್ಲಿ ಎಷ್ಟೋ ಚೀಲ ದಂಡವಾದವು, ಒಬ್ಬ ಮನುಷ್ಯ ಹಸಿದಿದ್ದ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಇದ್ದರೆ ಈ ಮೂರನ್ನೂ ನೀವೇ ಕೇಳಿ ಮಾಡಿಸಿಕೊಳ್ಳಿ. ದೊಡ್ಡಪ್ಪ ಹೋದ ಭಾನುವಾರ ಬೀಗರ ಮನೆ ಊಟಕ್ಕೆ ಹೋಗಿ ಬಂದರು. ಜೇಬಿನಲ್ಲಿ ಕತ್ತರಿಸಿಟ್ಟ ಒಂದು ಚೀಲ, ಒಂದು ಬಟ್ಟೆ ಇತ್ತು. ಎರಡೂ ಬೇಕಾಗಲಿಲ್ಲ.