‘ಅಗ್ಗ’ ಎನ್ನಲು ಅಂಜಿಕೆ ಏಕೆ?

ನಮ್ಮ ಯಸಳೂರಿನ ಕಡೆ ಅಂಗಡಿಗೆ ಹೋದವರು ‘ಅಗ್ಗದ್ದು ಯಾವುದಿದೆ?’ ಎಂದು ಸಲೀಸಾಗಿ ಕೇಳುತ್ತೇವೆ. ಜಾಹೀರಾತು ಮಾತ್ರ ‘ಕೈಗೆಟಕುವ ಬೆಲೆ’, ‘ಮಿತವ್ಯಯ’, ‘ಬಜೆಟ್ ಸ್ನೇಹಿ’ ಎನ್ನುತ್ತದೆ. ಅದಕ್ಕೆ ಕಾರಣವೂ ಇದೆ. 2009ರಲ್ಲಿ ಮಾರುಕಟ್ಟೆಗೆ ಬಂದ ನ್ಯಾನೊಗೆ ‘ಜಗತ್ತಿನ ಅತಿ ಅಗ್ಗದ ಕಾರು’ ಎಂಬ ಹಣೆಪಟ್ಟಿ ಅಂಟಿತು. ಸ್ಕೂಟರಿನಲ್ಲಿ ಮಳೆಗೆ ನೆನೆಯುತ್ತಾ ಹೋಗುವ ಕುಟುಂಬಗಳಿಗೆಂದೇ ಮಾಡಿದ ಕಾರು ಅದು. ಆ ಹಣೆಪಟ್ಟಿಯಿಂದ ಕಾರಿಗೆ ಪೆಟ್ಟು ಬಿತ್ತೆಂದು ರತನ್ ಟಾಟಾ ಅವರೇ ಮುಂದೆ ಹೇಳಿದರು. ‘ಅಗ್ಗ’ ಎಂದರೆ ಕೊಂಡವರನ್ನೂ ಅಳೆದಂತೆ.

ಆದರೆ ಈ ಸಭ್ಯ ಪದಗಳೆಲ್ಲ ಒಂದೇ ಅಲ್ಲ ಎಂಬುದು ನನ್ನ ವಾದ. ‘ಮಿತವ್ಯಯ’ವನ್ನು ಲೆಕ್ಕ ಹಾಕಿ ನೋಡಬಹುದು. ದಿನಕ್ಕೆ ಐದು ಗಂಟೆ ಉರಿದರೆ 60 ವಾಟ್‌ನ ಹಳೇ ಬಲ್ಬಿಗೆ ತಿಂಗಳಿಗೆ 9 ಯೂನಿಟ್ ಬೇಕು, 9 ವಾಟ್‌ನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ. ಕೊಳ್ಳುವಾಗ ದುಬಾರಿಯಾದದ್ದೇ ಇಲ್ಲಿ ಮಿತವ್ಯಯ! ‘ಕೈಗೆಟಕುವ’ ಎಂಬುದಕ್ಕೆ ಇಂಥ ಅಳತೆಯೇ ಇಲ್ಲ. ಯಾರ ಕೈಗೆ? ‘ಕೈಗೆಟಕುವ ಶುಲ್ಕ’ದ ಕೋಚಿಂಗ್ ಕರಪತ್ರವೊಂದನ್ನು ಊಹಿಸಿಕೊಳ್ಳಿ: ‘ತಿಂಗಳಿಗೆ ಕೇವಲ 1,500 ರೂಪಾಯಿ’ ಎಂಬುದು ದಪ್ಪಕ್ಷರದಲ್ಲಿ, ‘18 ಕಂತು’ ಎಂಬುದು ತಳದಲ್ಲಿ ಸಣ್ಣಕ್ಷರದಲ್ಲಿ. ಒಟ್ಟು 27,000 ರೂಪಾಯಿ ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ.