ಒಳ್ಳೆಯ ಟ್ರ್ಯಾಕ್ಟರ್ ಮಾರಾಟಕ್ಕೆ ಏಕೆ ಬರುವುದಿಲ್ಲ?

ಹಳೆಯ ಟ್ರ್ಯಾಕ್ಟರ್ ಮಾರುವವರು ಎಂಜಿನ್, ಗೇರ್‌ಬಾಕ್ಸ್‌ಗಳ ಸ್ಥಿತಿಯನ್ನು ಕರಾರಿನಲ್ಲಿ ಬರೆದುಕೊಡಬೇಕು. ಹಣದಲ್ಲಿ ಒಂದು ಪಾಲನ್ನು ಒಂದು ಹಂಗಾಮು ಮುಗಿಯುವವರೆಗೆ ತಡೆದಿಡಲು ಒಪ್ಪಬೇಕು. ಇದು ನನ್ನ ವಾದ. ಚನ್ನಗಿರಿ, ಹೊನ್ನಾಳಿ ಕಡೆಯ ವ್ಯಾಪಾರಸ್ಥರೂ ಕೆಲವು ರೈತರೂ ಇದನ್ನು ಒಪ್ಪುವುದಿಲ್ಲ.

“ಮೆಕ್ಯಾನಿಕ್‌ನನ್ನು ಕರೆತಂದು ನೋಡಿ ಕೊಳ್ಳಲಿ, ಬೇಡ ಅಂದವರು ಯಾರು?” ಎಂಬುದು ಅವರ ಮೊದಲ ಮಾತು. ನೋಡಬೇಕು, ನಿಜ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಹೊಗೆಯ ಬಣ್ಣ ನೋಡಬೇಕು. ರೋಟವೇಟರ್ ಎತ್ತಿ ಎಂಜಿನ್ ಆಫ್ ಮಾಡಿದರೆ ಅದು ಬೇಗ ಕೆಳಗಿಳಿಯುತ್ತದೆಯೇ ಎಂದು ಕಾಯಬೇಕು. ಇಳಿದರೆ ಲಿಫ್ಟ್‌ನಲ್ಲಿ ದೋಷವಿದೆ. ಆದರೆ ಹೊನ್ನಾಳಿ, ನ್ಯಾಮತಿಯ ಭತ್ತದ ಗದ್ದೆಯಲ್ಲಿ ಕೇಜ್‌ವೀಲ್ ಹಾಕಿ ಕೆಸರಿನಲ್ಲಿ ದುಡಿದ ಗಾಡಿಯ ಕಥೆ ಬೇರೆ. ಆಯಿಲ್ ಸೀಲ್ ಸವೆದರೆ ನೀರು ಒಳಗೆ ಹೋಗಿ ಗೇರ್ ಆಯಿಲ್ ಹಾಲು ಬೆರೆತ ಚಹಾದಂತೆ ಬಿಳಿಚುತ್ತದೆ. ಮಾರುವ ಹಿಂದಿನ ದಿನ ಆಯಿಲ್ ಬದಲಿಸಿದರೆ ಆ ಗುರುತೂ ಹೋಯಿತು. ದಪ್ಪ ಆಯಿಲ್ ಹಾಕಿದರೆ ಹೊಗೆ ಕೆಲವು ದಿನ ತಗ್ಗುತ್ತದೆ. ಅವರ್ ಮೀಟರ್ ಕೇಬಲ್ ಕಳಚಿಟ್ಟು ಓಡಿಸಿದ್ದರೆ ಗಂಟೆಗಳ ಲೆಕ್ಕವನ್ನೂ ನಂಬುವಂತಿಲ್ಲ. ಲೈನರ್, ಕ್ರ್ಯಾಂಕ್ ಎಷ್ಟು ಸವೆದಿವೆ ಎಂದು ಅಳೆಯಲು ಎಂಜಿನ್ ಬಿಚ್ಚಬೇಕು. ದುಡ್ಡು ಕೈಗೆ ಬರುವ ಮೊದಲು ಅದಕ್ಕೆ ಯಾರು ಒಪ್ಪುತ್ತಾರೆ? ಜಗಳೂರಿನ ಖುಷ್ಕಿ ರೈತ ಅಂಥ ಗಾಡಿಯನ್ನು ಕೊಂಡೊಯ್ದರೆ ನಿಜ ತಿಳಿಯುವುದು ಮೆಕ್ಕೆಜೋಳದ ಬಿತ್ತನೆಗೆ ಹೊಲ ಹದಮಾಡುವಾಗ.

ಎರಡನೆಯ ಮಾತು ಕೇಳಲು ಇನ್ನೂ ಗಟ್ಟಿ: “ಅನುಮಾನವಿದ್ದರೆ ಕಡಿಮೆ ಬೆಲೆಗೆ ಕೇಳಲಿ. ಬೆಲೆಯೇ ಎಲ್ಲವನ್ನೂ ಸರಿಮಾಡುತ್ತದೆ.” ಬೆಲೆ ಇಳಿಸಿದ್ದರಿಂದಲೇ ಕೆಡುಕು ಶುರುವಾಗುತ್ತದೆ ಎಂಬುದನ್ನು ಇವರು ಗಮನಿಸಿಲ್ಲ. ಒಂದು ಲೆಕ್ಕ ಹಾಕೋಣ. ಒಂದೇ ಮಾಡೆಲ್, ಒಂದೇ ವರ್ಷದ ಮೂರು ಟ್ರ್ಯಾಕ್ಟರ್ ಇವೆ ಎಂದುಕೊಳ್ಳಿ. ಚೆನ್ನಾಗಿರುವುದನ್ನು ಅದರ ಮಾಲೀಕ 4 ಲಕ್ಷಕ್ಕಿಂತ ಕಡಿಮೆಗೆ ಕೊಡಲಾರ, ಸಾಧಾರಣದ್ದನ್ನು 3 ಲಕ್ಷಕ್ಕಿಂತ, ಕೆಟ್ಟದ್ದನ್ನು 2 ಲಕ್ಷಕ್ಕಿಂತ. ಯಾವುದು ಯಾವುದೆಂದು ಗೊತ್ತಿದ್ದರೆ ಕೊಳ್ಳುವವರು ಕ್ರಮವಾಗಿ 4.4, 3.3, 2.2 ಲಕ್ಷ ಕೊಡಲು ಸಿದ್ಧ. ಮೂರೂ ವ್ಯಾಪಾರ ಕುದುರಬೇಕು. ಆದರೆ ಗೊತ್ತಿಲ್ಲದವನು ಸರಾಸರಿ ಹಿಡಿದು 3.3 ಲಕ್ಷಕ್ಕೆ ಕೇಳುತ್ತಾನೆ. ಒಳ್ಳೆಯ ಗಾಡಿಯವನು ಮನೆಗೆ ಹೋಗುತ್ತಾನೆ. ಇದನ್ನು ಬಲ್ಲ ಗಿರಾಕಿ ಉಳಿದೆರಡರ ಸರಾಸರಿ ಹಿಡಿದು 2.75 ಲಕ್ಷಕ್ಕೆ ಇಳಿಯುತ್ತಾನೆ. ಈಗ ಸಾಧಾರಣ ಗಾಡಿಯವನೂ ಹೋದ. ಉಳಿದದ್ದು ಕೆಟ್ಟದ್ದೊಂದೇ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಆದರೂ ಎರಡು ಒಳ್ಳೆಯ ವ್ಯಾಪಾರ ಮುರಿದುಬಿದ್ದವು. ಅಮೆರಿಕದ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳನ್ನು ಮುಂದಿಟ್ಟು ವಿವರಿಸಿದ್ದು ಇದನ್ನೇ. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು.

“ಮೋಸವಾದರೆ ಕೋರ್ಟ್ ಇದೆ” ಎನ್ನುವವರು 1872ರ ಕರಾರು ಕಾಯ್ದೆಯ 17ನೇ ಕಲಮನ್ನು ಓದಬೇಕು. ಅಲ್ಲಿರುವ ಉದಾಹರಣೆ ಕುದುರೆಯದು. ಕುದುರೆಯಲ್ಲಿ ದೋಷವಿದೆಯೆಂದು ಗೊತ್ತಿದ್ದೂ ಹರಾಜಿನಲ್ಲಿ ಸುಮ್ಮನೆ ಮಾರಿದರೆ ಅದು ಮೋಸವಲ್ಲ. ಕೊಳ್ಳುವವಳು ಆಗತಾನೇ ವಯಸ್ಕಳಾದ ಮಗಳಾಗಿದ್ದರೆ ಹೇಳುವ ಹೊಣೆ ತಂದೆಯದು. “ನೀವು ಇಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದು ತಿಳಿಯುತ್ತೇನೆ” ಎಂದು ಗಿರಾಕಿ ಕೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ನಾನು ಬರವಣಿಗೆಯಲ್ಲಿ ಕೇಳಿ ಎನ್ನುವುದು ಇದಕ್ಕೇ. ಬೆಲೆಯೂ ಕೋರ್ಟೂ ಕಾಯದಿರುವಾಗ ಒಳ್ಳೆಯ ಗಾಡಿಗಳು ದಲ್ಲಾಳಿಯ ಕೈಗೆ ಬರದೆ ಭಾವ, ಷಡ್ಡಕರ ನಡುವೆಯೇ ಕೈಬದಲಾಗುವುದೂ ಆಶ್ಚರ್ಯವಲ್ಲ. ಅಲ್ಲಿ ಮುಚ್ಚಿಟ್ಟವನು ಮುಂದಿನ ಮದುವೆಯಲ್ಲಿ ಮುಖ ತೋರಿಸಬೇಕು. ಊರಲ್ಲಿ ಅಂಥ ನೆಂಟರಿಲ್ಲದ ಸಣ್ಣ ರೈತನಿಗೆ ಸಿಗುವುದು ಉಳಿದ ಗಾಡಿಗಳು.

ಕೊನೆಯ ಆಕ್ಷೇಪಕ್ಕೆ ತೂಕವಿದೆ: “ತಡೆದಿಟ್ಟ ಹಣವನ್ನು ಕೊಳ್ಳುವವನೇ ನುಂಗಿದರೆ? ಗಾಡಿಯನ್ನು ಒರಟಾಗಿ ಓಡಿಸಿ ಕೆಡಿಸಿದರೆ?” ಆದ್ದರಿಂದ ಹಣ ಇಬ್ಬರೂ ನಂಬುವ ಮೂರನೆಯವರ ಕೈಯಲ್ಲಿರಲಿ. ಟೈರ್, ಬ್ಯಾಟರಿ, ಕ್ಲಚ್ ಪ್ಲೇಟ್ ಇದರಲ್ಲಿ ಬೇಡ, ಅವು ಓಡಿಸುವವನ ಕೈಯಲ್ಲಿ ಸವೆಯುವಂಥವು. ಕ್ರ್ಯಾಂಕ್, ಲೈನರ್, ಗೇರ್‌ಬಾಕ್ಸ್, ಲಿಫ್ಟ್ ಇಷ್ಟನ್ನೇ ಬರೆಯಿರಿ. ಆಗಲೂ ತಕರಾರು ಬರಬಹುದು, ಹೊಸ ಮಾಲೀಕ ಆಯಿಲ್ ನೋಡದೆ ಓಡಿಸಿಯೂ ಲೈನರ್ ಕೆಡಿಸಬಹುದು. ಆದರೆ ಒಳ್ಳೆಯ, ಕೆಟ್ಟ ಗಾಡಿಗಳ ಬೆಲೆಯ ಅಂತರವನ್ನು ಮೀರುವಷ್ಟು ದೊಡ್ಡ ಪಾಲನ್ನು ತಡೆದಿಡಲು ಗಟ್ಟಿ ಎಂಜಿನ್‌ನ ಮಾಲೀಕ ಹೆಚ್ಚು ಹೆದರಬೇಕಿಲ್ಲ. ಅದು ವಾಪಸ್ ಬರುವ ಹಣ. ಎಂಜಿನ್ ಕೆಲಸಕ್ಕೆ ಬಂದಿದೆಯೆಂದು ತಿಳಿದವನಿಗೆ ಅದು ಹೋದ ಹಣ, ಅವನು ಒಪ್ಪುವುದಿಲ್ಲ. ಅವನು ಒಪ್ಪದಿದ್ದರೆ ಗಿರಾಕಿಗೆ ಗಾಡಿಯ ಗುಣ ತಿಳಿಯಿತು, ಒಪ್ಪಿದವನಿಗೆ 4.4 ಲಕ್ಷ ಕೊಡಲು ಗಿರಾಕಿ ಹಿಂಜರಿಯಬೇಕಿಲ್ಲ.