ಪೀಣ್ಯದ ಇಂಗಟ್, ಥಾಣೆಯ ದರ: ಹೆಡ್ಜ್ ಮಾಡಿಯೂ ನಷ್ಟ ಯಾಕೆ?

ಪೀಣ್ಯದ ಡೈ-ಕಾಸ್ಟಿಂಗ್ ಘಟಕಗಳು ಹೆಚ್ಚಾಗಿ ಕರಗಿಸೋದು ಎಡಿಸಿ-12 ಥರದ ಮಿಶ್ರಲೋಹವನ್ನು. ಅದು ಸ್ಕ್ರ್ಯಾಪ್‌ನಿಂದ ತಯಾರಾಗುತ್ತದೆ. ಎಂಸಿಎಕ್ಸ್‌ನಲ್ಲಿ ವಹಿವಾಟಾಗೋದು ಪ್ರೈಮರಿ ಅಲ್ಯೂಮಿನಿಯಂ, ಅದೂ ಥಾಣೆ ಜಿಲ್ಲೆಯ ಗೋದಾಮಿನ ದರದಲ್ಲಿ. ನೀವು ಕೊಳ್ಳುವ ದರಕ್ಕೂ ಫ್ಯೂಚರ್ಸ್ ದರಕ್ಕೂ ಇರುವ ಅಂತರವೇ ಬೇಸಿಸ್. ಹೆಡ್ಜ್ ಮಾಡಿದವರು ದರದ ಅಪಾಯವನ್ನು ಇಳಿಸಿಕೊಂಡಿರುತ್ತಾರೆ, ಆದರೆ ಈ ಅಂತರದ ಅಪಾಯ ಅವರ ತಲೆಯ ಮೇಲೆಯೇ ಉಳಿದಿರುತ್ತದೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಷ್ಟೇ. ಬಿಡಿಭಾಗಗಳ ಆರ್ಡರ್ ಸಿಕ್ಕಿದೆ, ಮಾರಾಟದ ದರ ಫಿಕ್ಸ್. ಎರಡು ತಿಂಗಳ ನಂತರ 10 ಟನ್ ಎಡಿಸಿ-12 ಬೇಕು. ಇವತ್ತು ಅದರ ಬೆಲೆ ಕಿಲೋಗೆ 205 ರೂಪಾಯಿ, ಫ್ಯೂಚರ್ಸ್ 240. ಬೇಸಿಸ್ ಮೈನಸ್ 35. ದರ ಏರೀತು ಎಂಬ ಭಯಕ್ಕೆ ಮಾಲೀಕರು 5 ಟನ್‌ನ ಎರಡು ಲಾಟ್ ಫ್ಯೂಚರ್ಸ್ ಕೊಂಡರು.

ಎರಡು ತಿಂಗಳಾದ ಮೇಲೆ ಫ್ಯೂಚರ್ಸ್ 232ಕ್ಕೆ ಇಳಿಯಿತು. ಎಡಿಸಿ-12 ಕೂಡ 197ಕ್ಕೆ ಇಳಿದಿದ್ದರೆ ತಕರಾರೇ ಇರಲಿಲ್ಲ. ಫ್ಯೂಚರ್ಸ್‌ನಲ್ಲಿ ಹೋದ 80,000 ರೂಪಾಯಿ ಖರೀದಿಯಲ್ಲಿ ವಾಪಸ್ ಬರುತ್ತಿತ್ತು. ಆದರೆ ಅಷ್ಟರಲ್ಲಿ ಆಮದು ಸ್ಕ್ರ್ಯಾಪ್ ತಡವಾಗಿ ಎಡಿಸಿ-12 213ಕ್ಕೆ ಏರಿತು ಅನ್ನಿ. ಫ್ಯೂಚರ್ಸ್‌ನಲ್ಲಿ 80,000 ನಷ್ಟ, ಖರೀದಿಯಲ್ಲಿ 80,000 ಹೆಚ್ಚುವರಿ ಖರ್ಚು. ಬೇಸಿಸ್ ಮೈನಸ್ 19ಕ್ಕೆ ಬಂದಿದೆ. ಆ 16 ರೂಪಾಯಿ ಬದಲಾವಣೆಯನ್ನು 10,000 ಕಿಲೋಗೆ ಗುಣಿಸಿದರೆ 1,60,000. ಹೆಡ್ಜ್ ಮಾಡದೇ ಇದ್ದಿದ್ದರೆ ಅರ್ಧ ಪೆಟ್ಟು ಬೀಳುತ್ತಿತ್ತು. ‘ರೇಟ್ ಲಾಕ್ ಮಾಡಿಕೊಳ್ಳಿ ಸಾರ್’ ಅಂತ ಹೇಳುವ ಬ್ರೋಕರ್ ಈ ಪುಟವನ್ನು ತೆರೆದು ತೋರಿಸೋದು ಕಡಿಮೆ.

ಲೋಹ ಒಂದೇ ಆಗಿದ್ದರೂ ಅಂತರ ಒಡೆಯಬಹುದು. ಅಮೆರಿಕ 50% ಸುಂಕ ಹಾಕಲಿದೆ ಎಂದು 2025ರ ಜುಲೈನಲ್ಲಿ ಕೋಮೆಕ್ಸ್ ತಾಮ್ರ ಲಂಡನ್ ದರಕ್ಕಿಂತ ಬಹಳ ಮೇಲೆ ಹೋಗಿತ್ತು. ಜುಲೈ 30ರಂದು ಸಂಸ್ಕರಿಸಿದ ತಾಮ್ರಕ್ಕೆ ವಿನಾಯಿತಿ ಘೋಷಣೆಯಾಯಿತು. ಕೋಮೆಕ್ಸ್ ಸುಮಾರು 20% ಕುಸಿಯಿತು, ಲಂಡನ್ ಅಷ್ಟೇನೂ ಅಲುಗಾಡಲಿಲ್ಲ.

ನಿಮ್ಮ ಹೆಡ್ಜ್ ಎಷ್ಟು ಗಟ್ಟಿ ಅಂತ ತಿಳಿಯಲು ಹಳೆಯ ಖರೀದಿ ಬಿಲ್‌ಗಳೇ ಸಾಕು. ಎರಡು ವರ್ಷದ ಬಿಲ್ ದರ (ಜಿಎಸ್‌ಟಿ ಬಿಟ್ಟು) ಮತ್ತು ಅದೇ ದಿನದ ಫ್ಯೂಚರ್ಸ್ ದರವನ್ನು ಎಕ್ಸೆಲ್‌ನಲ್ಲಿ ಪಕ್ಕಪಕ್ಕ ಇಡಿ. ಎರಡರ ಬದಲಾವಣೆಗಳನ್ನು ಹೋಲಿಸಿ. ಫ್ಯೂಚರ್ಸ್ 10 ರೂಪಾಯಿ ಸರಿದಾಗ ನಿಮ್ಮ ದರ ಸರಾಸರಿ 6 ರೂಪಾಯಿ ಸರಿಯುತ್ತಿದ್ದರೆ, 10 ಟನ್‌ಗೆ 6 ಟನ್ ಹೆಡ್ಜ್ ಸಾಕು. 1 ಟನ್‌ನ ಮಿನಿ ಲಾಟ್ ಇದಕ್ಕೆ ಸರಿಹೊಂದುತ್ತದೆ. ಎರಡೂ ತಮ್ಮ ಪಾಡಿಗೆ ತಾವು ಓಡುತ್ತಿದ್ದರೆ ಅದು ಹೆಡ್ಜ್ ಅಲ್ಲ, ಇನ್ನೊಂದು ಸಟ್ಟಾ.

ಉಳಿದ ಅಂತರಕ್ಕೆ ಎಕ್ಸ್‌ಚೇಂಜ್‌ನಲ್ಲಿ ಮದ್ದಿಲ್ಲ. ಆರ್ಡರ್‌ನಲ್ಲೇ ಎಡಿಸಿ-12 ದರಕ್ಕೆ ಜೋಡಿಸಿದ ಷರತ್ತು ಬರೆಸಿಕೊಳ್ಳಬೇಕು. ಗ್ರಾಹಕ ಒಪ್ಪದಿದ್ದರೆ, ಆ ಏರಿಳಿತದ ಬಾಬ್ತನ್ನು ಕೊಟೇಶನ್‌ಗೇ ಸೇರಿಸಬೇಕಾಗುತ್ತದೆ.